ಬಾರ್ಲಿಗೆ ಹಿಡಿದ ಹೊಗೆ, ಬಾಟಲಿಗೆ ಬಂದದ್ದೆಷ್ಟು?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿನ ಐಲಾ ದ್ವೀಪದಲ್ಲಿ ಪೋರ್ಟ್ ಎಲೆನ್ ಎಂಬ ಪುಟ್ಟ ಬಂದರು ಪಟ್ಟಣವಿದೆ. ಅಲ್ಲಿನ ದೊಡ್ಡ ಕಾರ್ಖಾನೆಯೊಂದು 1973ರಿಂದ ಬಾರ್ಲಿಯನ್ನು ಮೊಳಕೆ ಬರಿಸಿ, ಪೀಟ್ ಹೊಗೆಯಲ್ಲಿ ಒಣಗಿಸಿ, ದ್ವೀಪದ ವಿಸ್ಕಿ ತಯಾರಕರಿಗೆ ಕೊಡುತ್ತ ಬಂದಿದೆ. ಅಲ್ಲಿಂದ ಒಂದೇ ಬಗೆಯ ಹೊಗೆ ಹಿಡಿದ ಬಾರ್ಲಿ ಎರಡು ಡಿಸ್ಟಿಲರಿಗಳಿಗೆ ಹೋಗುತ್ತದೆ. ಒಂದು, ದಕ್ಷಿಣ ತೀರದಲ್ಲಿ 1816ರಿಂದ ಇರುವ ಲಗವೂಲಿನ್. ಇನ್ನೊಂದು, 1846ರಲ್ಲಿ ಶುರುವಾಗಿ ಈಗಲೂ ಜುರಾ ದ್ವೀಪದ ಎದುರು ನಿಂತಿರುವ ಕಾಲ್ ಈಲಾ. ಎರಡಕ್ಕೂ ಒಡೆಯರು ಒಬ್ಬರೇ, ಡಿಯಾಜಿಯೊ ಕಂಪನಿ. ಎರಡರ ಬಾರ್ಲಿಯಲ್ಲೂ ಹೊಗೆಯ ಅಳತೆ ಸುಮಾರು 35 ಪಿಪಿಎಂ.

ಆದರೆ ಲೋಟಕ್ಕೆ ಸುರಿದರೆ ಎರಡೂ ಬೇರೆ ಬೇರೆ. ಲಗವೂಲಿನ್‌ನದು ದಟ್ಟವಾದ, ಎಣ್ಣೆ ಜಿಡ್ಡಿನ, ನುಂಗಿದ ಮೇಲೂ ಬಹಳ ಹೊತ್ತು ಗಂಟಲಲ್ಲೇ ನಿಲ್ಲುವ ಹೊಗೆ. ಕಾಲ್ ಈಲಾದಲ್ಲಿ ಅದೇ ಹೊಗೆ ತೆಳುವಾಗಿ, ಸ್ವಚ್ಛವಾಗಿ, ನಿಂಬೆಯ ಘಮದ ಜೊತೆ ಬರುತ್ತದೆ. ಸಂಖ್ಯೆ ಒಂದೇ ಆದ ಮೇಲೆ ರುಚಿ ಹೀಗೇಕೆ ಕವಲೊಡೆಯಿತು? ಹೊಗೆಯ ವಿಸ್ಕಿ ಕೊಳ್ಳಲು ಹೊರಟವರು ಮೊದಲು ಅರಿಯಬೇಕಾದ ಸಂಗತಿ ಈ ಪ್ರಶ್ನೆಯಲ್ಲೇ ಇದೆ. ಬಾಟಲಿಯ ಮೇಲೋ ಜಾಹೀರಾತಿನಲ್ಲೋ ಕಾಣುವ ಪಿಪಿಎಂ ಸಂಖ್ಯೆ ಬಾರ್ಲಿಯದು, ಬಾಟಲಿಯೊಳಗಿನ ವಿಸ್ಕಿಯದಲ್ಲ.

ಪೀಟ್ ಅಂದರೆ ಜೌಗು ನೆಲದಲ್ಲಿ ಪೂರ್ತಿ ಕೊಳೆಯದೆ ಉಳಿದ ಗಿಡಗಂಟಿ. ನೀರು ನಿಂತು, ಹುಳಿಯೇರಿ, ಗಾಳಿಯಾಡದ ನೆಲದಲ್ಲಿ ಪಾಚಿ, ಹುಲ್ಲು, ಹೆದರ್ ಎಂಬ ಕುರುಚಲು ಗಿಡ ಸತ್ತು ಬಿದ್ದರೆ ಅವನ್ನು ಕೊಳೆಸುವ ಜೀವಾಣುಗಳಿಗೆ ಉಸಿರು ಸಾಲದು. ಪದರದ ಮೇಲೆ ಪದರ ಕೂಡುತ್ತ ಹೋಗುತ್ತದೆ, ಅದೂ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಆಳದ ಪೀಟ್ ಆಗಲು ಸಾವಿರ ವರ್ಷ ಬೇಕೆಂದಾಯಿತು. ಅದನ್ನು ಇಟ್ಟಿಗೆಯಾಕಾರಕ್ಕೆ ಕಡಿದು ಬಿಸಿಲುಗಾಳಿಗೆ ಒಣಗಿಸಿದರೆ ಉರುವಲು ಸಿದ್ಧ. ಮರಗಳು ವಿರಳವಾದ ದ್ವೀಪಗಳಲ್ಲಿ ಸೌದೆಗೆ ಬದಲು ಒಲೆಗೆ ಹಾಕುತ್ತಿದ್ದದ್ದು ಇದನ್ನೇ. ಮೊಳಕೆ ಬಾರ್ಲಿ ಒಣಗಿಸಲೂ ಇದೇ ಬೆಂಕಿ ಇತ್ತು. ಹೊಗೆಯ ರುಚಿ ಬೇಕೆಂದು ಯಾರೂ ಮೊದಲು ಹುಡುಕಿಕೊಂಡು ಹೋದದ್ದಲ್ಲ, ಉರುವಲಿನ ಜೊತೆ ತಾನಾಗಿ ಬಂದದ್ದು. ಕಲ್ಲಿದ್ದಲು ಮತ್ತು ಕೋಕ್ ರೈಲಿನಲ್ಲಿ ಬಂದು ತಲುಪಿದ ಕಡೆಗಳಲ್ಲಿ ವಿಸ್ಕಿಯ ಹೊಗೆ ಕ್ರಮೇಣ ಕಡಿಮೆಯಾಯಿತು, ದ್ವೀಪಗಳಲ್ಲಿ ಉಳಿಯಿತು.

ಬಾರ್ಲಿಗೆ ಹೊಗೆ ಹಿಡಿಸುವ ಕೆಲಸದಲ್ಲಿ ಹೊತ್ತು ಬಹಳ ಮುಖ್ಯ. ಕಾಳನ್ನು ಎರಡು ದಿನ ನೀರಿನಲ್ಲಿ ನೆನೆಸಿ, ಬಸಿದು, ಐದಾರು ದಿನ ಮೊಳಕೆಗೆ ಬಿಡುತ್ತಾರೆ. ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಆಗ ಎಚ್ಚರಗೊಳ್ಳುತ್ತವೆ. ಮೊಳಕೆ ಇನ್ನೂ ಬೆಳೆದರೆ ಪಿಷ್ಟವೆಲ್ಲ ಅದರ ಪಾಲಾಗುವುದರಿಂದ ಸರಿಯಾದ ಗಳಿಗೆಯಲ್ಲಿ ಒಣಗಿಸಿ ನಿಲ್ಲಿಸಬೇಕು. ಪೀಟ್ ಬೆಂಕಿ ಹಚ್ಚುವುದು ಈ ಹಂತದಲ್ಲಿ. ಒದ್ದೆ ಬಟ್ಟೆಗೆ ಅಡುಗೆಮನೆಯ ಹೊಗೆ ಬೇಗ ಅಂಟಿಕೊಳ್ಳುವಂತೆ, ಮೈ ತೇವವಾಗಿರುವ ತನಕ ಮಾತ್ರ ಕಾಳು ಹೊಗೆಯನ್ನು ಚೆನ್ನಾಗಿ ಹೀರುತ್ತದೆ. ಹೊರಸಿಪ್ಪೆ ಒಣಗಿದ ಮೇಲೆ ಎಷ್ಟು ಪೀಟ್ ಸುಟ್ಟರೂ ಹೆಚ್ಚು ಫಲವಿಲ್ಲ. ಹಾಗಾಗಿ ಜಾಣ ಕೆಲಸಗಾರರು ಬೆಂಕಿ ಭುಗಿಲೇಳಲು ಬಿಡುವುದಿಲ್ಲ. ತೇವದ ಪೀಟ್ ಪುಡಿ ಹಾಕಿ, ಉರಿ ತಗ್ಗಿಸಿ, ತಣ್ಣನೆಯ ದಟ್ಟ ಹೊಗೆ ಏಳಿಸುತ್ತಾರೆ. ಶಾಖ ಹೆಚ್ಚಾದರೆ ಕಿಣ್ವಗಳೂ ಸಾಯುತ್ತವೆ. ಬೇಕಾದಷ್ಟು ಹೊಗೆ ಹಿಡಿದ ಮೇಲೆ ಬರಿಯ ಬಿಸಿಗಾಳಿ ಬಿಟ್ಟು ಕಾಳನ್ನು ಪೂರ್ತಿ ಒಣಗಿಸುತ್ತಾರೆ.

ಹೊಗೆ ಎಷ್ಟು ಹೊತ್ತು ಎಂಬುದು ರುಚಿಯನ್ನು ಹೇಗೆ ತಿರುಗಿಸುತ್ತದೆಂದು ನೋಡಲು ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿಗಿಂತ ಒಳ್ಳೆಯ ಕಡೆ ಇಲ್ಲ. ತನ್ನ ಬಾರ್ಲಿಯನ್ನೆಲ್ಲ ಇಂದಿಗೂ ನೆಲದ ಮೇಲೆ ಹರಡಿ, ಕೈಯಲ್ಲಿ ಮಗುಚಿ, ತಾನೇ ಮೊಳಕೆ ಬರಿಸುವ ಈ ಹಳೆಯ ಮನೆಯಿಂದ ಮೂರು ಬಗೆಯ ವಿಸ್ಕಿ ಹೊರಡುತ್ತದೆ. ಸ್ಪ್ರಿಂಗ್‌ಬ್ಯಾಂಕ್ ಹೆಸರಿನ ವಿಸ್ಕಿಗೆ ಬಾರ್ಲಿಯನ್ನು ಸುಮಾರು ಆರು ಗಂಟೆ ಪೀಟ್ ಹೊಗೆಯಲ್ಲಿಟ್ಟು ಆಮೇಲೆ ಬಿಸಿಗಾಳಿಗೆ ಬಿಡುತ್ತಾರೆ. ಲಾಂಗ್ರೋಗೆ ಸುಮಾರು 48 ಗಂಟೆ ಹೊಗೆಯೇ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ, ಬಿಸಿಗಾಳಿ ಮಾತ್ರ. ನೀರು, ಊರು, ಕೈ ಎಲ್ಲವೂ ಒಂದೇ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಮೂಸುವ ಅವಕಾಶ ಸಿಕ್ಕವರಿಗೆ ಹೊಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಒಮ್ಮೆಲೇ ತಿಳಿಯುತ್ತದೆ. ಬಟ್ಟಿಯಿಳಿಸುವ ಕ್ರಮ ಮೂರಕ್ಕೂ ಬೇರೆ ಎಂಬುದನ್ನಷ್ಟು ನೆನಪಿಟ್ಟುಕೊಳ್ಳಬೇಕು.

ಇನ್ನು ಆ ಸಂಖ್ಯೆಯ ವಿಷಯ. ಪೀಟ್ ಸುಟ್ಟಾಗ ಅದರೊಳಗಿನ ಸಸ್ಯದ ನಾರು ಒಡೆದು ಫಿನಾಲ್ ಎಂಬ ರಾಸಾಯನಿಕಗಳ ಕುಟುಂಬ ಹುಟ್ಟುತ್ತದೆ. ಈ ಕುಟುಂಬದ ಹಿರಿಯ ಸದಸ್ಯ, ಬರಿಯ ಫಿನಾಲ್‌ಗೆ, ಕಾರ್ಬಾಲಿಕ್ ಆಮ್ಲ ಎಂಬ ಹಳೆಯ ಹೆಸರಿದೆ. 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಗಾಯಗಳು ಕೀವಾಗದಂತೆ ಬಳಸಿದ್ದು ಇದನ್ನೇ. ನಮ್ಮ ಕಡೆ ಆಸ್ಪತ್ರೆಯ ಕಾರಿಡಾರಿನ ವಾಸನೆ, ಹಳೆಯ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆ, ಬಚ್ಚಲಿಗೆ ಸುರಿಯುವ ಕಪ್ಪು ಫಿನಾಯಿಲ್‌ನ ವಾಸನೆ ಎಲ್ಲವೂ ಇದೇ ಬಳಗದ್ದು. ಲಫ್ರಾಯ್ಗ್ ವಿಸ್ಕಿಯನ್ನು ಮೊದಲ ಸಲ ಮೂಸಿದವರು ಬ್ಯಾಂಡೇಜು, ಟಿಂಚರು ಎಂದು ಮುಖ ಸಿಂಡರಿಸಿದರೆ ಅವರ ಮೂಗು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಔಷಧಿಯ ಘಾಟು ಕೊಡುವುದು ಮುಖ್ಯವಾಗಿ ಕ್ರೆಸಾಲ್‌ಗಳು. ಸೌದೆ ಹೊಗೆಯ, ಹೊಗೆಯಲ್ಲಿ ಒಣಗಿಸಿದ ಮಾಂಸದ ಘಮ ಕೊಡುವುದು ಗ್ವಾಯಕಾಲ್. ಪಿಪಿಎಂ ಎಂಬ ಒಂದೇ ಸಂಖ್ಯೆ ಇವೆಲ್ಲವನ್ನೂ ಕೂಡಿಸಿ ಹೇಳುತ್ತದೆ. ಯಾವುದು ಎಷ್ಟು ಎಂದು ಅದು ಹೇಳುವುದಿಲ್ಲ. ಹಾಗಾಗಿ ಒಂದೇ ಸಂಖ್ಯೆಯ ಎರಡು ಬಾರ್ಲಿಗಳಲ್ಲಿ ಒಂದು ಆಸ್ಪತ್ರೆಯ ಕಡೆಗೂ ಇನ್ನೊಂದು ಒಲೆಯ ಕಡೆಗೂ ವಾಲಬಹುದು.

ಪೀಟ್ ಯಾವ ನೆಲದ್ದು ಎಂಬುದರಿಂದಲೂ ಈ ವಾಲಿಕೆ ಬರುತ್ತದೆ. ಉತ್ತರದ ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ ಡಿಸ್ಟಿಲರಿ ಹಾಬಿಸ್ಟರ್ ಮೂರ್ ಎಂಬ ಬಯಲಿನಿಂದ ಪೀಟ್ ತರುತ್ತದೆ. ಗಾಳಿಯ ಹೊಡೆತಕ್ಕೆ ಮರವೇ ನಿಲ್ಲದ ಆ ನೆಲದ ಪೀಟ್‌ನಲ್ಲಿ ಹೆದರ್ ಗಿಡದ್ದೇ ಕಾರುಬಾರು. ಅದರ ಹೊಗೆಗೆ ಹೂವಿನ, ಜೇನಿನ ಛಾಯೆಯಿದೆ.

ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂದು. 35 ಪಿಪಿಎಂ ಬಾರ್ಲಿ ಒಂದು ಟನ್ ಇದ್ದರೆ ಅದರಲ್ಲಿ ಫಿನಾಲ್‌ಗಳು ಒಟ್ಟು 35 ಗ್ರಾಂ. ಇಷ್ಟು ಅಲ್ಪ ಪ್ರಮಾಣ ಇಡೀ ಟನ್ನಿನ ಗುಣವನ್ನೇ ಬದಲಿಸುತ್ತದೆ, ನಮ್ಮ ಮೂಗು ಈ ವಾಸನೆಗಳಿಗೆ ಅಷ್ಟು ಸೂಕ್ಷ್ಮ. ಈಗ ಆ 35 ಗ್ರಾಮಿನ ಪ್ರಯಾಣವನ್ನು ಹಿಂಬಾಲಿಸಿದರೆ ಲಗವೂಲಿನ್ ಮತ್ತು ಕಾಲ್ ಈಲಾ ದಾರಿ ಕವಲಾದದ್ದೆಲ್ಲಿ ಎಂದು ಕಾಣುತ್ತದೆ.

ಹೊಗೆ ಹೆಚ್ಚಾಗಿ ಕೂತಿರುವುದು ಕಾಳಿನ ಹೊಟ್ಟಿನಲ್ಲಿ. ಬಾರ್ಲಿಯನ್ನು ಒರಟಾಗಿ ಬೀಸಿ ಬಿಸಿನೀರಿನಲ್ಲಿ ಕಲಸಿ ಸಿಹಿರಸವನ್ನು ಬಸಿದುಕೊಂಡಾಗ ಹೊಟ್ಟು ಹಿಂದೆ ಉಳಿಯುತ್ತದೆ. ಅದು ದನಗಳಿಗೆ ಬೂಸಾ ಆಗಿ ಹೋಗುವಾಗ ಫಿನಾಲಿನ ಒಂದಷ್ಟು ಭಾಗವನ್ನೂ ಕೊಂಡೊಯ್ಯುತ್ತದೆ. ಸಿಹಿರಸಕ್ಕೆ ಯೀಸ್ಟ್ ಹಾಕಿ ಹುದುಗಿಸುವಾಗ ಇನ್ನಷ್ಟು ನಷ್ಟ. ಆದರೆ ನಿಜವಾದ ತೀರ್ಮಾನ ಆಗುವುದು ಬಟ್ಟಿಯಿಳಿಸುವ ತಾಮ್ರದ ಹಂಡೆಯಲ್ಲಿ.

ಎರಡನೆಯ ಬಾರಿ ಬಟ್ಟಿಯಿಳಿಸುವಾಗ ಮೊದಲು ಬರುವ ಘಾಟಿನ ಭಾಗವನ್ನು ಬದಿಗಿಡುತ್ತಾರೆ, ನಡುವಿನ ಒಳ್ಳೆಯ ಭಾಗವನ್ನು ಹಿಡಿಯುತ್ತಾರೆ, ಕೊನೆಯಲ್ಲಿ ಬರುವ ಭಾರದ ಭಾಗವನ್ನು ಮತ್ತೆ ಬದಿಗಿಡುತ್ತಾರೆ. ಫಿನಾಲ್‌ಗಳು ಆಲ್ಕೋಹಾಲಿನಷ್ಟು ಸುಲಭವಾಗಿ ಆವಿಯಾಗುವವಲ್ಲ. ಅವು ತಡವಾಗಿ ಹೊರಟು ನಡುವಿನ ಭಾಗದ ಕೊನೆಕೊನೆಗೆ ಹೆಚ್ಚುತ್ತ ಹೋಗುತ್ತವೆ. ಬಟ್ಟಿಗಾರ ಕೊಳಾಯಿಯನ್ನು ಬೇಗ ತಿರುಗಿಸಿದರೆ ಹೊಗೆ ಕಡಿಮೆ, ಕಾದು ತಿರುಗಿಸಿದರೆ ಹೊಗೆ ಹೆಚ್ಚು. ಲಗವೂಲಿನ್‌ನಲ್ಲಿ ಕಾಯುತ್ತಾರೆ. ಕಾಲ್ ಈಲಾದಲ್ಲಿ ಬೇಗ ನಿಲ್ಲಿಸುತ್ತಾರೆ. ಕಾಯುವುದಕ್ಕೂ ಮಿತಿಯಿದೆ. ಇನ್ನೂ ತಡಮಾಡಿದರೆ ಹೊಗೆಯ ಹಿಂದೆಯೇ ಬೆವರಿನ, ಹಸಿ ತೊಗಲಿನ, ಹಳಸಿದ ಚೀಸಿನ ನಾತ ನುಸುಳುತ್ತದೆ, ಆಮೇಲೆ ಯಾವ ಪೀಪಾಯಿಯೂ ಅದನ್ನು ಪೂರ್ತಿ ಅಳಿಸಲಾರದು.

ಹಂಡೆಯ ಆಕಾರವೂ ಕೈ ಹಾಕುತ್ತದೆ. ಕಾಲ್ ಈಲಾದ ಹಂಡೆಗಳು ದೊಡ್ಡವು, ಅವನ್ನು ಪೂರ್ತಿ ತುಂಬಿಸುವುದಿಲ್ಲ. ಮೇಲಿರುವ ಖಾಲಿ ಜಾಗದಲ್ಲಿ ಏಳುವ ಆವಿ ತಾಮ್ರಕ್ಕೆ ಮತ್ತೆ ಮತ್ತೆ ತಾಗಿ, ಭಾರದ ಭಾಗ ತಣಿದು ಹನಿಯಾಗಿ ಹಂಡೆಗೇ ಬೀಳುತ್ತದೆ, ಹಗುರವಾದದ್ದು ಮಾತ್ರ ಕತ್ತು ದಾಟುತ್ತದೆ. ಲಗವೂಲಿನ್ ತನ್ನ ದಪ್ಪ ಹೊಟ್ಟೆಯ ಹಂಡೆಗಳನ್ನು ಹೆಚ್ಚುಕಡಿಮೆ ಕಂಠಮಟ್ಟ ತುಂಬಿ ನಿಧಾನವಾಗಿ ಕಾಯಿಸುತ್ತದೆ, ಭಾರದ ಆವಿಯೂ ದಾಟಿಬಿಡುತ್ತದೆ. ಹೀಗೆ ಸೋರಿ, ತಣಿದು, ಬದಿಗೆ ಸರಿದು ಬಾರ್ಲಿಯ ಫಿನಾಲಿನಲ್ಲಿ ಹೊಸ ಮದ್ಯಕ್ಕೆ ತಲುಪುವುದು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದಷ್ಟು. ಎಷ್ಟು ತಲುಪಿತು, ಅದರಲ್ಲಿ ಭಾರದ ಫಿನಾಲ್ ಯಾವುದು ಉಳಿಯಿತು ಎಂಬುದನ್ನು ಬಾಟಲಿ ಹೇಳುವುದಿಲ್ಲ, ನಾಲಗೆಯೇ ಹೇಳಬೇಕು.

ಈ ಲೆಕ್ಕ ತಿಳಿದ ಮೇಲೆ ಆಕ್ಟೋಮೋರ್ ಎಂಬ ವಿಸ್ಕಿಯನ್ನು ಬೇರೆ ಕಣ್ಣಿನಿಂದ ನೋಡಬಹುದು. ಐಲಾದ್ದೇ ಬ್ರುಕ್ಲಾಡಿ ಡಿಸ್ಟಿಲರಿ ತಯಾರಿಸುವ ಈ ಸರಣಿಯಲ್ಲಿ 8.3 ಎಂಬ ಆವೃತ್ತಿಯ ಬಾರ್ಲಿ ಅಳತೆ 309 ಪಿಪಿಎಂ. ಲಗವೂಲಿನ್‌ನ ಎಂಟು ಪಟ್ಟಿಗೂ ಹೆಚ್ಚು. ಅದನ್ನು ಕುಡಿದರೆ ಎಂಟು ಪಟ್ಟು ಹೊಗೆ ಬಾಯಿಗೆ ಬಡಿಯುತ್ತದೆಂದು ಹೆದರುವವರಿದ್ದಾರೆ, ಅದೇ ಆಸೆಗೆ ಹಣ ಸುರಿಯುವವರೂ ಇದ್ದಾರೆ. ಇಬ್ಬರ ಎಣಿಕೆಯೂ ತಪ್ಪು. ಬ್ರುಕ್ಲಾಡಿಯ ಹಂಡೆಗಳ ಕತ್ತು ಎತ್ತರ, ಸಪೂರ. ಅವು ಹಗುರ ಮದ್ಯಕ್ಕೆ ಹೇಳಿ ಮಾಡಿಸಿದಂಥವು. ಆಕ್ಟೋಮೋರ್ ಬಹಳ ಹೊಗೆಯದೇ ಹೌದು, ಆದರೆ ಆ ಹೊಗೆಯ ಕೆಳಗೆ ಸಿಹಿ ಬಾರ್ಲಿಯ ನಯ ಇರುತ್ತದೆ. 50ರ ಆಸುಪಾಸಿನ ಆರ್ಡ್‌ಬೆಗ್ ಹಲವರಿಗೆ ಅದಕ್ಕಿಂತ ಒರಟೆನಿಸುವುದುಂಟು. ಸಂಖ್ಯೆ ನೋಡಿಯೇ ದುಬಾರಿ ಬಾಟಲಿ ಕೊಳ್ಳುವುದು ಹಣ ಕಳೆಯುವ ನೇರ ದಾರಿ.

ಪೀಪಾಯಿಯೊಳಗೆ ಕಳೆಯುವ ವರ್ಷಗಳೂ ಹೊಗೆಯನ್ನು ಇಳಿಸುತ್ತವೆ. ಫಿನಾಲ್‌ಗಳು ನಿಧಾನವಾಗಿ ಕರಗುತ್ತ, ಬದಲಾಗುತ್ತ ಹೋಗುತ್ತವೆ, ಇತ್ತ ಮರದ ಸಿಹಿ ಮತ್ತು ಒಣಹಣ್ಣಿನ ರುಚಿ ಮೇಲೇರುತ್ತದೆ. ಇದನ್ನು ನೋಡಲು ಲಗವೂಲಿನ್ ಒಂದೇ ಸಾಕು. ಡಿಸ್ಟಿಲರಿಗೆ ಇನ್ನೂರು ವರ್ಷ ತುಂಬಿದ 2016ರಲ್ಲಿ ಬಂದ 8 ವರ್ಷದ ಬಾಟಲಿ ಹಸಿಹಸಿ, ಚೂಪು, ಬೂದಿಯ ಹೊಗೆ. ಹೆಸರುವಾಸಿ 16 ವರ್ಷದ ಬಾಟಲಿಯಲ್ಲಿ ಅದೇ ಹೊಗೆ ಮಾಗಿ, ಸಿಹಿಯೊಳಗೆ ಇಳಿದು ಕೂತಿರುತ್ತದೆ. ಹೊಗೆ ಜೋರಾಗಿ ಬೇಕೆನ್ನುವವರು ಹೆಚ್ಚು ವಯಸ್ಸಿನ ದುಬಾರಿ ಬಾಟಲಿಯ ಹಿಂದೆ ಹೋಗುವುದರಲ್ಲಿ ಅರ್ಥವಿಲ್ಲ, ಅವರಿಗೆ ಬೇಕಾದದ್ದು ಎಳೆಯದರಲ್ಲೇ ಇದೆ.

ವಯಸ್ಸಿನ ಈ ಮಾತು ಬೆಂಗಳೂರಿಗೆ ಬಂದಾಗ ಬೇರೆ ಆಗುತ್ತದೆ. ಮೈಸೂರು ರಸ್ತೆಯ ಕಂಬಿಪುರದಲ್ಲಿರುವ ಅಮೃತ್ ಡಿಸ್ಟಿಲರಿ ಹೊಗೆ ಹಿಡಿದ ಬಾರ್ಲಿಯನ್ನು ಸ್ಕಾಟ್ಲೆಂಡಿನಿಂದ ತರಿಸುತ್ತದೆ, ಹೊಗೆ ಇಲ್ಲದ್ದನ್ನು ಉತ್ತರ ಭಾರತದ ಹೊಲಗಳಿಂದ ಕೊಳ್ಳುತ್ತದೆ. ಅದರ ಫ್ಯೂಷನ್ ಎಂಬ ವಿಸ್ಕಿಯಲ್ಲಿ ಸ್ಕಾಟ್ಲೆಂಡಿನ ಪೀಟ್ ಬಾರ್ಲಿಯ ಪಾಲು ಸುಮಾರು ಕಾಲುಭಾಗ, ನಮ್ಮ ದೇಶದ ಬಾರ್ಲಿಯದು ಮುಕ್ಕಾಲು. ಎರಡನ್ನೂ ಬೇರೆ ಬೇರೆಯಾಗಿ ಬಟ್ಟಿಯಿಳಿಸಿ, ಬೇರೆ ಬೇರೆಯಾಗಿ ಮಾಗಿಸಿ, ಕೊನೆಗೆ ಕೂಡಿಸುತ್ತಾರೆ. ಕಾಲುಭಾಗ ಹೊಗೆ ಎಂದರೆ ಕಾಣದಷ್ಟು ತೆಳುವೇನೋ ಅನ್ನಿಸಬಹುದು. ಕುಡಿದವರಿಗೆ ಹಾಗಲ್ಲ ಎಂದು ಗೊತ್ತು, ಹೊಗೆ ಹಿಂದಿನಿಂದ ಬಂದು ಸಿಹಿಯನ್ನು ಎತ್ತಿ ಹಿಡಿಯುತ್ತದೆ. 2010ರ ತನ್ನ ವಿಸ್ಕಿ ಬೈಬಲ್ ಎಂಬ ಕೈಪಿಡಿಯಲ್ಲಿ ವಿಮರ್ಶಕ ಜಿಮ್ ಮರ್ರೇ ಇದನ್ನು ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದು ಹೆಸರಿಸಿದ್ದು ಭಾರತದ ಮಾಲ್ಟ್ ವಿಸ್ಕಿಯ ಕಡೆ ಹೊರಗಿನವರ ಕಣ್ಣು ತಿರುಗಿಸಿತು.

ಬೆಂಗಳೂರಿನ ಬಿಸಿಲಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರರಲ್ಲಿ ಹತ್ತು ಪಾಲಿಗೂ ಹೆಚ್ಚು ಮದ್ಯ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಎರಡು ಪಾಲಿನಷ್ಟು. ಶಾಖಕ್ಕೆ ಮರದ ಸಾರವೂ ಬೇಗ ಇಳಿಯುತ್ತದೆ. ಆದ್ದರಿಂದ ನಾಲ್ಕೈದು ವರ್ಷಕ್ಕೇ ಇಲ್ಲಿನ ವಿಸ್ಕಿಗೆ ಮರದ ಸಿಹಿ ಗಾಢವಾಗಿ ಹತ್ತಿರುತ್ತದೆ. ಹೊಗೆ ಮಾತ್ರ ಇನ್ನೂ ಎಳೆಯದೇ. ಸ್ಕಾಟ್ಲೆಂಡಿನಲ್ಲಿ ಜೊತೆಯಾಗಲು ದಶಕ ಬೇಕಾದ ಈ ಎರಡು ಗುಣಗಳು ಇಲ್ಲಿ ಬೇಗನೆ ಒಂದೆಡೆ ಸೇರುತ್ತವೆ. ಬೆಂಗಳೂರಿನಲ್ಲೇ ಮುಖ್ಯ ಕಚೇರಿಯಿರುವ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್ ವಿಸ್ಕಿಗಳಲ್ಲೂ ಇದೇ ಗುಣ. ಅದರಲ್ಲಿ ಮೂರು ಮೆಟ್ಟಿಲು ಸ್ಪಷ್ಟವಾಗಿವೆ: ಬ್ರಿಲಿಯನ್ಸ್‌ನಲ್ಲಿ ಹೊಗೆಯಿಲ್ಲ, ಎಡಿಟೆಡ್‌ನಲ್ಲಿ ಎಳೆಯಷ್ಟು, ಬೋಲ್ಡ್‌ನಲ್ಲಿ ಧಾರಾಳ. ಸ್ಪ್ರಿಂಗ್‌ಬ್ಯಾಂಕಿನ ಮೂರು ಬಾಟಲಿಗಳಿಗೆ ಕೈ ಚಾಚಲಾಗದವರಿಗೆ ಹೊಗೆಯ ಪಾಠ ಕಲಿಯಲು ಇದು ಹತ್ತಿರದ ದಾರಿ.

ಇಷ್ಟಾದ ಮೇಲೆ ಬಾಟಲಿ ಆರಿಸುವ ಮಾತು. ಹೊಗೆಯ ವಿಸ್ಕಿಯನ್ನು ಹಿಂದೆ ಮುಟ್ಟದವರು ನೇರವಾಗಿ ಲಫ್ರಾಯ್ಗ್ ಅಥವಾ ಆರ್ಡ್‌ಬೆಗ್‌ಗೆ ಹೋಗಿ, ಒಂದು ಗುಟುಕಿಗೆ ಬೆಚ್ಚಿ, ಪೀಟ್ ತನಗಾಗದು ಎಂದು ಬಾಗಿಲು ಮುಚ್ಚಿಬಿಡುವುದೇ ಹೆಚ್ಚು. ಅವರು ಹೈಲ್ಯಾಂಡ್ ಪಾರ್ಕ್ 12 ವರ್ಷದ್ದರಿಂದಲೋ ಅಮೃತ್ ಫ್ಯೂಷನ್‌ನಿಂದಲೋ ಶುರು ಮಾಡುವುದು ಮೇಲು. ಅಲ್ಲಿ ಹೊಗೆ ಬೇರೆ ರುಚಿಗಳ ನಡುವೆ ಒಂದಾಗಿರುತ್ತದೆ. ಅದು ಹಿಡಿಸಿದರೆ ಮುಂದಿನದು ಬೋಮೋರ್ 12 ಅಥವಾ ಸ್ಕೈ ದ್ವೀಪದ ಟ್ಯಾಲಿಸ್ಕರ್ 10. ಟ್ಯಾಲಿಸ್ಕರ್‌ನಲ್ಲಿ ಹೊಗೆಯ ಜೊತೆ ಕರಿಮೆಣಸಿನ ಖಾರವಿದೆ, ನಮ್ಮ ನಾಲಗೆಗೆ ಅದು ಬೇಗ ಒಗ್ಗುತ್ತದೆ. ಕಾಲ್ ಈಲಾ 12 ಆಮೇಲಿನ ಮೆಟ್ಟಿಲು. ಬಾರ್ಲಿಯ ಅಳತೆಯಲ್ಲಿ ಅದು ಭಾರೀ ಪೀಟ್, ಬಾಯಲ್ಲಿ ಮಧ್ಯಮ. ಅದನ್ನು ದಾಟಿದವರಿಗೆ ಲಗವೂಲಿನ್, ಆರ್ಡ್‌ಬೆಗ್, ಲಫ್ರಾಯ್ಗ್ ಬಾಗಿಲು ತೆರೆದಂತೆಯೇ.

ಮೂಸುವಾಗ ಕೆಲವು ಮೋಸಗಳಿವೆ. ಆಗ ತಾನೇ ಗೀರಿದ ಬೆಂಕಿಕಡ್ಡಿಯ, ಸುಟ್ಟ ರಬ್ಬರಿನ, ಬೆಂದ ಮೊಟ್ಟೆಯ ವಾಸನೆ ಬಂದರೆ ಅದು ಪೀಟ್ ಅಲ್ಲ, ಗಂಧಕ. ಶೆರ್ರಿ ವೈನಿನ ಪೀಪಾಯಿಗೆ ಹಾಕಿದ ಗಂಧಕ ಹೀಗೆ ಉಳಿದುಬಿಡುವುದುಂಟು, ಅದನ್ನೇ ಹೊಗೆಯೆಂದು ಭಾವಿಸಿದವರು ಎಷ್ಟೋ. ಪೀಟ್ ಹೊಗೆ ಬೂದಿ, ಟಾರು, ಔಷಧಿ, ಸುಟ್ಟ ಬೇರಿನ ಕಡೆಗೆ ಹೋಗುತ್ತದೆ. ಪೀಟ್ ಪೀಪಾಯಿಯಲ್ಲಿ ಇಟ್ಟದ್ದು ಎಂದು ಬಾಟಲಿ ಹೇಳಿದರೆ ಬಾರ್ಲಿಗೆ ಹೊಗೆ ಹಿಡಿಸಿಲ್ಲ, ಹಿಂದೆ ಹೊಗೆಯ ವಿಸ್ಕಿ ಇದ್ದ ಪೀಪಾಯಿಯ ಕಂಪು ಮಾತ್ರ ಹತ್ತಿದೆ ಎಂದು ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ಹೊಗೆ ತೀರಾ ತೆಳು. ಪೀಟ್ ನೆಲದ ಮೇಲೆ ಹರಿದ ಕಂದು ಬಣ್ಣದ ನೀರಿನಿಂದ ಹೊಗೆ ಬರುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಸುಡದ ಪೀಟಿಗೆ ಹೊಗೆ ಎಲ್ಲಿಂದ?

ಕೊನೆಯದಾಗಿ ನೀರು. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದು ಇದು: ಆಲ್ಕೋಹಾಲ್ 59 ಪ್ರತಿಶತಕ್ಕಿಂತ ಮೇಲಿದ್ದಾಗ ಗ್ವಾಯಕಾಲ್ ದ್ರವದ ಒಳಗಡೆ ಅಡಗಿರುತ್ತದೆ, 45ರ ಕೆಳಗಿಳಿದಾಗ ಆಲ್ಕೋಹಾಲಿನ ಜೊತೆ ಮೇಲ್ಮೈಗೆ ಬಂದು ಮೂಗಿಗೆ ಸಿಗುತ್ತದೆ. 60ರ ಆಸುಪಾಸಿನಲ್ಲಿ ಬಾಟಲಿಗಿಳಿಯುವ ಗಡುಸು ಪೀಟ್ ವಿಸ್ಕಿಗಳಿಗೆ ನೀರು ಬೆರೆಸಿದರೆ ಹೊಗೆ ಅಡಗುವ ಬದಲು ಅರಳುವುದು ಇದಕ್ಕೇ. ಮಂಜುಗಡ್ಡೆ ಬೇಡ, ತಣ್ಣಗಾದರೆ ವಾಸನೆ ಮೇಲೇಳುವುದಿಲ್ಲ.

ಕರ್ನಾಟಕದಲ್ಲಿ ಆಮದು ಮಾಲ್ಟ್ ಬಾಟಲಿಯ ಬೆಲೆ ಸಣ್ಣದಲ್ಲ. ಹಾಗಾಗಿ ಬಾಟಲಿ ಕೊಳ್ಳುವ ಮುನ್ನ ಒಳ್ಳೆಯ ಬಾರಿನಲ್ಲಿ 30 ಮಿಲಿಯ ಒಂದು ಪೆಗ್ ತರಿಸಿ, ಹತ್ತು ನಿಮಿಷ ಲೋಟದಲ್ಲೇ ಬಿಟ್ಟು, ಮೂಸಿ, ನೀರು ಬೆರೆಸಿ ಮತ್ತೆ ಮೂಸಿ ನೋಡಿ. ಸಾಧ್ಯವಾದರೆ ಲಗವೂಲಿನ್ ಮತ್ತು ಕಾಲ್ ಈಲಾ ಎರಡನ್ನೂ ಒಂದೇ ಸಂಜೆ ಪಕ್ಕಪಕ್ಕದಲ್ಲಿಡಿ. ಯಾವ ಲೋಟ ಮತ್ತೆ ಕೈಗೆ ಬರುತ್ತದೋ ಆ ಬಾಟಲಿ ಕೊಳ್ಳಿ, ಪಿಪಿಎಂ ಸಂಖ್ಯೆಯನ್ನು ಆಮೇಲೆ ಓದಿದರಾಯಿತು.